ಬಜೆಟ್–ವಾಸ್ತವ ವ್ಯತ್ಯಾಸ ವರದಿ: ಸೆಪ್ಟೆಂಬರ್ 2025

ಇವರಿಗೆ: ಎಲ್ಲ ವಿಭಾಗ ಮುಖ್ಯಸ್ಥರು
ಇವರಿಂದ: ಲೆಕ್ಕಪತ್ರ ವಿಭಾಗ, ಬಜೆಟ್ ನಿಯಂತ್ರಣ
ದಿನಾಂಕ: 8 ಅಕ್ಟೋಬರ್ 2025
ಉತ್ತರ ಬೇಕಾದ ಕೊನೆಯ ದಿನ: 13 ಅಕ್ಟೋಬರ್

ಮೂಲ ಬಜೆಟ್ಟಿನ ಪಕ್ಕದಲ್ಲಿಟ್ಟರೆ ಸೆಪ್ಟೆಂಬರ್ ಖರ್ಚು 8.9 ಲಕ್ಷ ಕಡಿಮೆ ಕಾಣುತ್ತದೆ. ಅದು ಉಳಿತಾಯವಲ್ಲ. 10,000 ಮೋಟಾರಿಗೆ ಬಜೆಟ್ ಹಾಕಿ 9,200 ಮಾಡಿದ್ದೇವೆ. ಅಷ್ಟು ಮೋಟಾರಿಗೆ ಆಗಬೇಕಿದ್ದ ಖರ್ಚು 500.6 ಲಕ್ಷ, ಆಗಿದ್ದು 521.1. ಅಂದರೆ 20.5 ಲಕ್ಷ ಹೆಚ್ಚು. ಹಾಗಾಗಿ ಕೆಳಗಿನ ವ್ಯತ್ಯಾಸಗಳನ್ನು ಮೂಲ ಬಜೆಟ್ಟಿಗಲ್ಲ, 9,200ಕ್ಕೆ ಹೊಂದಿಸಿದ ಬಜೆಟ್ಟಿಗೆ ಹೋಲಿಸಿ ಲೆಕ್ಕ ಹಾಕಿದ್ದೇವೆ.

ಮೊತ್ತಗಳು ಲಕ್ಷಗಳಲ್ಲಿವೆ. ಕೂಡು ಚಿಹ್ನೆ ಇದ್ದರೆ ಅನುಕೂಲ, ಕಳೆ ಚಿಹ್ನೆ ಇದ್ದರೆ ಪ್ರತಿಕೂಲ. ಮಾಡಿದ 9,200 ಮೋಟಾರುಗಳೂ ಮಾರಾಟವಾಗಿರುವುದರಿಂದ ದಾಸ್ತಾನಿನ ಹೊಂದಾಣಿಕೆ ಇಲ್ಲ.

| ಬಾಬ್ತು | ಮೂಲ ಬಜೆಟ್ | ಹೊಂದಿಸಿದ ಬಜೆಟ್ | ವಾಸ್ತವ | ವ್ಯತ್ಯಾಸ | ಶೇ. |
|---|---|---|---|---|---|
| ಮಾರಾಟ | 600.0 | 552.0 | 556.6 | +4.6 | 0.8 |
| ತಾಮ್ರದ ತಂತಿ | 220.0 | 202.4 | 215.6 | −13.2 | 6.5 |
| ಇತರ ಸಾಮಗ್ರಿ | 120.0 | 110.4 | 111.0 | −0.6 | 0.5 |
| ಉತ್ಪಾದನಾ ವೇತನ | 78.0 | 78.0 | 83.1 | −5.1 | 6.5 |
| ವಿದ್ಯುತ್ | 24.0 | 23.2 | 23.0 | +0.2 | 0.9 |
| ಯಂತ್ರ ನಿರ್ವಹಣೆ | 12.0 | 12.0 | 7.4 | +4.6 | 38.3 |
| ಸಾಗಣೆ | 18.0 | 16.6 | 19.5 | −2.9 | 17.5 |
| ಮಾರಾಟ ಪ್ರಚಾರ | 30.0 | 30.0 | 36.0 | −6.0 | 20.0 |
| ನೇಮಕಾತಿ, ತರಬೇತಿ | 6.0 | 6.0 | 3.1 | +2.9 | 48.3 |
| ಆಡಳಿತ, ಐಟಿ | 22.0 | 22.0 | 22.4 | −0.4 | 1.8 |
| ಒಟ್ಟು ಖರ್ಚು | 530.0 | 500.6 | 521.1 | −20.5 | 4.1 |
| ಕಾರ್ಯಾಚರಣೆ ಲಾಭ | 70.0 | 51.4 | 35.5 | −15.9 | 30.9 |

ಮೂಲ ಬಜೆಟ್ಟಿಗಿಂತ ಲಾಭ ಕುಸಿದದ್ದು 34.5 ಲಕ್ಷ. ಅದರಲ್ಲಿ 18.6 ಲಕ್ಷ ಪ್ರಮಾಣ ತಗ್ಗಿದ್ದರಿಂದ ಬಂದದ್ದು: 800 ಮೋಟಾರು, ಒಂದಕ್ಕೆ 2,320ರಂತೆ ಕೊಡುಗೆ ಕೈತಪ್ಪಿದೆ. ಉಳಿದ 15.9 ದರ, ಬಳಕೆ ಮತ್ತು ಖರ್ಚಿನದು. ಆರು ತಿಂಗಳ ಒಟ್ಟು ಲಾಭ ಬಜೆಟ್ಟಿನಲ್ಲಿ 408.0, ಬಂದದ್ದು 361.5. ಈ 46.5ರ ಕೊರತೆಯ ಮುಕ್ಕಾಲು ಭಾಗ ಸೆಪ್ಟೆಂಬರ್ ಒಂದರದ್ದೇ.

ಟಿಪ್ಪಣಿಯ ಮಿತಿ ಎಂದಿನಂತೆ ಶೇ. 5 ಮತ್ತು 2 ಲಕ್ಷ, ಎರಡನ್ನೂ ದಾಟಿದ ಬಾಬ್ತುಗಳಿಗೆ ಮಾತ್ರ.

ತಾಮ್ರದ ತಂತಿ (−13.2)

ದರದಿಂದ 7.1, ಬಳಕೆಯಿಂದ 6.1. ಎರಡರ ಮೂಲವೂ ಒಂದೇ.

9ರಂದು ಬರಬೇಕಿದ್ದ ಒಪ್ಪಂದದ ಸರಕು ಬಂದದ್ದು 18ಕ್ಕೆ. ಕೈಯಲ್ಲಿದ್ದದ್ದು 2,000 ಕಿಲೋ, ಎರಡು ದಿನದ ಬಳಕೆಗಷ್ಟೇ ಸಾಕು. 11, 12, 13ರಂದು ವೈಂಡಿಂಗ್ ನಿಂತಿತು. 13ರ ಸಂಜೆ ಹೊರಗಿನಿಂದ 6,000 ಕಿಲೋ ತುರ್ತಾಗಿ ಕೊಂಡೆವು, ಕಿಲೋಗೆ ಒಪ್ಪಂದದ 880ಕ್ಕಿಂತ ಸುಮಾರು 118 ಹೆಚ್ಚು ಕೊಟ್ಟು.

ಆ ತಂತಿ ಬಂದದ್ದು ಬೇರೆ ಅಳತೆಯ ಸ್ಪೂಲ್‌ನಲ್ಲಿ. 3ನೇ ವೈಂಡಿಂಗ್ ಯಂತ್ರದ ಟೆನ್ಷನ್ ಹಳೆಯ ಸೆಟ್ಟಿಂಗ್‌ನಲ್ಲೇ ಓಡಿದ್ದರಿಂದ ತಂತಿ ಪದೇ ಪದೇ ತುಂಡಾಯಿತು. ತಿಂಗಳಿನ 690 ಕಿಲೋ ಹೆಚ್ಚುವರಿ ಬಳಕೆಯಲ್ಲಿ 540 ಕಿಲೋ 15ರಿಂದ 20ರೊಳಗೆ ಆದದ್ದು. ಈ ಸ್ಕ್ರ್ಯಾಪ್ ಮಾರಿ ಬಂದ 4.1 ಲಕ್ಷ ಇತರ ಆದಾಯದಲ್ಲಿದೆ, ಮೇಲಿನ ಕೋಷ್ಟಕದಲ್ಲಿಲ್ಲ. 'ಸ್ಕ್ರ್ಯಾಪ್ ಮಾರಿದ್ದೇವಲ್ಲ, ನಷ್ಟವೆಲ್ಲಿ' ಎಂದು ಕೇಳುವವರು ಆ ಮೊತ್ತವನ್ನು ಕಳೆದು ನೋಡಬಹುದು. ಆಗಲೂ 2 ಲಕ್ಷ ಉಳಿಯುತ್ತದೆ.

ಹೆಚ್ಚು ದರ ಕೊಟ್ಟು ಕೊಂಡ ನಿರ್ಧಾರದಲ್ಲಿ ತಪ್ಪಿಲ್ಲ. ಆ 6,000 ಕಿಲೋದಲ್ಲಿ 2,400 ಮೋಟಾರಿನಷ್ಟು ತಂತಿ ಇತ್ತು. ತಪ್ಪಿದ್ದು ದಾಸ್ತಾನಿನ ಮಟ್ಟದಲ್ಲಿ. ತುರ್ತು ಖರೀದಿ, ಆ 540 ಕಿಲೋದಲ್ಲಿ ಸ್ಕ್ರ್ಯಾಪ್ ಕಳೆದ ಹಾಳು, ಓವರ್‌ಟೈಮ್, ರದ್ದಾದ 150 ಮೋಟಾರಿನ ಕೊಡುಗೆ ಇಷ್ಟನ್ನೂ ಕೂಡಿದರೆ ಈ ಒಂದು ವಿಳಂಬದ ಬೆಲೆ 17.2 ಲಕ್ಷ. ಕನಿಷ್ಠ ದಾಸ್ತಾನನ್ನು ಏಳು ದಿನಕ್ಕೆ, ಅಂದರೆ 7,000 ಕಿಲೋಗೆ ಏರಿಸಿದರೆ ಹೆಚ್ಚುವರಿಯಾಗಿ 44 ಲಕ್ಷ ಬಂಡವಾಳ ಕಟ್ಟಿಬೀಳುತ್ತದೆ, ಶೇ. 10ರ ಬಡ್ಡಿಯಲ್ಲಿ ವರ್ಷಕ್ಕೆ 4.4 ಲಕ್ಷ.

*ಖರೀದಿ:* 7,000 ಕಿಲೋ ಮಟ್ಟಕ್ಕೆ ಒಪ್ಪಿಗೆಯೋ ಅಲ್ಲವೋ, ತಿಳಿಸಿ. ವಿಳಂಬದ ದಂಡದ ಷರತ್ತಿನಂತೆ ಎಷ್ಟು ವಸೂಲಾಗುತ್ತದೆ ಎಂಬ ಲೆಕ್ಕವೂ ಬೇಕು.
*ಉತ್ಪಾದನೆ:* ಸ್ಪೂಲ್ ಬದಲಾದಾಗ ಟೆನ್ಷನ್ ಪರೀಕ್ಷೆಗೆ ಯಾರು ಸಹಿ ಹಾಕುತ್ತಾರೆ ಎಂದು ಬರೆದುಕೊಡಿ.

ಉತ್ಪಾದನಾ ವೇತನ (−5.1)

ಪೂರ್ತಿ ಓವರ್‌ಟೈಮ್: ಬಜೆಟ್ 6.0, ಆಗಿದ್ದು 11.1. ನಿಂತ ಮೂರು ದಿನದಲ್ಲಿ ಹೋದ 1,200 ಮೋಟಾರಿನಲ್ಲಿ 400ನ್ನು 21 ಮತ್ತು 28ರ ಭಾನುವಾರಗಳಂದು ಮಾಡಿಕೊಂಡೆವು. 400 ಮೋಟಾರಿನ ಕೊಡುಗೆ 9.3 ಲಕ್ಷ, ಆದ್ದರಿಂದ ಈ ಖರ್ಚಿಗೆ ನಮ್ಮ ಆಕ್ಷೇಪವಿಲ್ಲ. ಬಾಕಿ 800ರಲ್ಲಿ 650ರ ಆರ್ಡರ್ ಅಕ್ಟೋಬರಿಗೆ ಮುಂದೆ ಹೋಗಿದೆ. ಅದಕ್ಕೆ ಮತ್ತೆ ಓವರ್‌ಟೈಮ್ ಬೇಕಿದ್ದರೆ ಮೊದಲೇ ಹೇಳಿ, ಮುನ್ನಂದಾಜಿನಲ್ಲಿ ಸೇರಿಸುತ್ತೇವೆ.

ಮಾರಾಟ ಪ್ರಚಾರ (−6.0)

ಇದರಲ್ಲಿ 5.8 ನಮ್ಮ ತಪ್ಪು. ನವೆಂಬರ್ ಪ್ರದರ್ಶನದ ಮಳಿಗೆಗೆ ಕೊಟ್ಟ ಮುಂಗಡವನ್ನು ಮುಂಪಾವತಿ ಖಾತೆಗೆ ಹಾಕದೆ ನೇರ ಖರ್ಚಿಗೆ ಬರೆದಿದ್ದೇವೆ. ಸೆಪ್ಟೆಂಬರ್ ಲೆಕ್ಕ ಮುಚ್ಚಿದ ಮೇಲೆ ಗೊತ್ತಾದದ್ದರಿಂದ ಅಕ್ಟೋಬರಿನಲ್ಲಿ ತಿರುಗಿಸುತ್ತೇವೆ. ಮಾರಾಟ ವಿಭಾಗ ವಿವರಣೆ ಕೊಡಬೇಕಿಲ್ಲ. ಅಕ್ಟೋಬರ್ ವರದಿಯಲ್ಲಿ ಈ ಸಾಲಿನಲ್ಲಿ ದೊಡ್ಡ ಅನುಕೂಲ ಕಂಡರೆ ಅದನ್ನು ಉಳಿತಾಯವೆಂದು ಹಂಚಿಕೊಳ್ಳಬೇಡಿ, ಅಷ್ಟೆ.

ಯಂತ್ರ ನಿರ್ವಹಣೆ (+4.6)

ಕಂಪ್ರೆಸರ್‌ನ ವಾರ್ಷಿಕ ಸರ್ವಿಸ್ ಅಕ್ಟೋಬರಿಗೆ ಹೋಗಿದೆ. ಇದು ಸಮಯದ ವ್ಯತ್ಯಾಸ, ಮೊತ್ತ ಬರುವ ತಿಂಗಳು ಬಂದೇ ಬರುತ್ತದೆ. ಈ 4.6ನ್ನು ಬೇರೆ ಕೆಲಸಕ್ಕೆ ತಿರುಗಿಸುವ ಇಂಡೆಂಟ್ ಒಂದು ಈಗಾಗಲೇ ಬಂದಿತ್ತು, ಹಿಂದಿರುಗಿಸಿದ್ದೇವೆ.

ಸಾಗಣೆ (−2.9)

ತಿಂಗಳ ರವಾನೆಯಲ್ಲಿ ಶೇ. 38 ಕೊನೆಯ ಐದು ದಿನದಲ್ಲಿ ಹೋಗಿದೆ. ಲಾರಿಗಳು ಅರ್ಧ ತುಂಬಿಯೇ ಹೊರಟವು. ಬಾಡಿಗೆ ಮಾತ್ರ ಪೂರ್ತಿ. ತಡವಾದ ಉತ್ಪಾದನೆ ಇದಕ್ಕೆ ಒಂದಿಷ್ಟು ಕಾರಣ, ಪೂರ್ತಿ ಅಲ್ಲ. ಆಗಸ್ಟ್‌ನಲ್ಲಿ ಯಾವ ಅಡಚಣೆಯೂ ಇಲ್ಲದಿದ್ದಾಗಲೂ ಕೊನೆಯ ವಾರ ಹೀಗೇ ಇತ್ತು. *ರವಾನೆ ವಿಭಾಗ:* 26ರಿಂದ 30ರ ಲಾರಿವಾರು ತೂಕದ ಪಟ್ಟಿ ಕಳುಹಿಸಿ.

ನೇಮಕಾತಿ, ತರಬೇತಿ (+2.9)

ಎರಡು ಹುದ್ದೆ ಖಾಲಿ ಇವೆ, ಏಜೆನ್ಸಿ ಶುಲ್ಕ ಬಿದ್ದಿಲ್ಲ. ಈ ವರ್ಷ ತುಂಬುತ್ತೀರಾ ಇಲ್ಲವಾ ಎಂದು ಮಾತ್ರ ತಿಳಿಸಿ.

ಅಕ್ಟೋಬರ್ ಮುನ್ನಂದಾಜು

ಮುಂಗಡ ತಿರುಗಿಸಿದ್ದರಿಂದ +5.8, ಕಂಪ್ರೆಸರ್ ಸರ್ವಿಸ್‌ನಿಂದ −4.6, ಮುಂದೆ ಹೋದ 650 ಮೋಟಾರಿನ ಕೊಡುಗೆ +15.1. ಕೊನೆಯದು ಬರಬೇಕಾದರೆ ತಿಂಗಳ ಮಾಮೂಲಿ ಉತ್ಪಾದನೆಯ ಮೇಲೆ ಅಷ್ಟನ್ನೂ ಮಾಡಬೇಕು. ಉತ್ಪಾದನಾ ವಿಭಾಗ ಲಿಖಿತವಾಗಿ ಖಚಿತಪಡಿಸುವ ತನಕ ಅದನ್ನು ಮುನ್ನಂದಾಜಿಗೆ ಸೇರಿಸುವುದಿಲ್ಲ.

ಉತ್ತರದಲ್ಲಿ ಕಾರಣ, ಮೊತ್ತ, ಒಂದೇ ಸಲದ್ದೋ ಮುಂದುವರಿಯುವುದೋ, ಸರಿಪಡಿಸುವ ದಿನಾಂಕ ಈ ನಾಲ್ಕು ಇರಲಿ. 'ಬೆಲೆ ಏರಿಕೆಯಿಂದ' ಎಂದಷ್ಟೇ ಬರೆದ ಉತ್ತರಗಳು ಕಳೆದ ತಿಂಗಳು ಮೂರು ಬಂದಿದ್ದವು. ಯಾವ ಸಾಮಗ್ರಿ, ಎಷ್ಟರಿಂದ ಎಷ್ಟಕ್ಕೆ, ಯಾವ ಬಿಲ್ಲಿನಿಂದ ಎಂದು ಬರೆಯದಿದ್ದರೆ ಅಂಥ ಉತ್ತರವನ್ನು ಈ ಬಾರಿ ಸ್ವೀಕರಿಸುವುದಿಲ್ಲ. ನಿಮ್ಮ ಕಾಸ್ಟ್ ಸೆಂಟರ್‌ಗೆ ತಪ್ಪಾಗಿ ಬಿದ್ದ ವೌಚರ್ ಕಂಡುಬಂದರೆ ಅದರ ಸಂಖ್ಯೆಯನ್ನು 10ರೊಳಗೆ ಕಳುಹಿಸಿ.