ಸೆಪ್ಟೆಂಬರ್ ತಿಂಗಳ ಪ್ರಕಟಣೆಗಳ ವೇಳಾಪಟ್ಟಿ

ಸ್ವಯಂಸೇವಕರು ನಾವು ಮೂವರೇ ಇರುವುದರಿಂದಲೂ, ಆಗಸ್ಟ್‌ನಲ್ಲಿ ಹನ್ನೆರಡು ಪೋಸ್ಟ್‌ಗಳನ್ನು ಯೋಜಿಸಿ ಐದನ್ನಷ್ಟೇ ಹಾಕಲು ಸಾಧ್ಯವಾದದ್ದರಿಂದಲೂ, ಈ ತಿಂಗಳು ನಮ್ಮ ಮಕ್ಕಳ ಗ್ರಂಥಾಲಯದ ಪುಟಕ್ಕೆ ನಾಲ್ಕು ಪೋಸ್ಟ್ ಹಾಗೂ ದಾನಿಗಳಿಗೆ ಒಂದು ಇಮೇಲ್ ಮಾತ್ರ ನಿಗದಿಯಾಗಿದೆ.

ಸೆ. 2ರಂದು ಹೊಸ ಪುಸ್ತಕಗಳ ಒಂದು ಚಿತ್ರ ಸಾಕು.

ಸೆ. 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಯುನೆಸ್ಕೊ 1966ರಲ್ಲಿ ಘೋಷಿಸಿದ ಈ ದಿನದಂದು ಎಲ್ಲೆಡೆ ಘೋಷವಾಕ್ಯಗಳೇ ತುಂಬಿರುತ್ತವೆ. ಅವುಗಳ ನಡುವೆ ನಮ್ಮದೂ ಒಂದು ಬೇಡ. ಪುಟದ ಮೇಲೆ ಬೆರಳಿಟ್ಟು ಓದುತ್ತಿರುವ ಮಗುವಿನ ಕೈಯನ್ನಷ್ಟೇ ಹತ್ತಿರದಿಂದ ತೋರಿಸಿ, ಅದು ಯಾವ ಪದದಲ್ಲಿ ತಡವರಿಸಿತು, ಹೇಗೆ ಬಿಡಿಸಿಕೊಂಡು ಓದಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯೋಣ. ಮುಖ ಕಾಣದಿದ್ದರೂ ಪೋಷಕರ ಲಿಖಿತ ಒಪ್ಪಿಗೆ ಬೇಕು. ಚಿತ್ರ ಸೆ. 4ರೊಳಗೆ, ಬರಹ ಸೆ. 6ರೊಳಗೆ ಹಂಚಿಕೆಯ ಶೀಟ್‌ಗೆ ಬರಬೇಕು. ಬರೆದವರಲ್ಲದೆ ಇನ್ನೊಬ್ಬರು ಓದಿದ ಮೇಲೆಯೇ ಪ್ರಕಟಿಸಬೇಕು.

ಸೆ. 16ರ ಪೋಸ್ಟ್, ಶನಿವಾರಗಳಂದು ಎರಡು ತಾಸು ಪುಸ್ತಕ ಜೋಡಿಸಲು ಬರುವವರಿಗೆ ಆಹ್ವಾನ. "ಕೈಜೋಡಿಸಿ" ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ. ಕೆಲಸ, ಸಮಯ ಎರಡನ್ನೂ ಸ್ಪಷ್ಟವಾಗಿ ಹೇಳಬೇಕು.

ಸೆ. 24ರ ಇಮೇಲ್‌ನಲ್ಲಿ ದೇಣಿಗೆಯ ಖರ್ಚಿನ ವಿವರವಿರುತ್ತದೆ. ಅಂಕಿಗಳನ್ನು ಖಜಾಂಚಿಯವರು ಸೆ. 20ಕ್ಕೆ ಕೊಡುವರು.

ಸೆ. 30 ಅಂತರರಾಷ್ಟ್ರೀಯ ಅನುವಾದ ದಿನವಾದ್ದರಿಂದ, ಮಕ್ಕಳು ಹೆಚ್ಚು ಎರವಲು ಪಡೆದ ಅನುವಾದಿತ ಕಥೆಯನ್ನು ಅನುವಾದಕರ ಹೆಸರಿನೊಂದಿಗೆ ಪರಿಚಯಿಸಲಾಗುವುದು.

ಯಾರಿಗಾದರೂ ಅನಾನುಕೂಲವಾದಲ್ಲಿ ಸೆ. 2ರ ಪೋಸ್ಟನ್ನು ಕೈಬಿಡಬಹುದು, ಇಮೇಲನ್ನಲ್ಲ.