ಮನೆದೇವರ ಹಬ್ಬದ ವಂತಿಗೆ ಬಗ್ಗೆ, ಎಲ್ಲರೂ ದಯವಿಟ್ಟು ಪೂರ್ತಿ ಓದಿ

ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಅಣ್ಣ ಅತ್ತಿಗೆ ಎಲ್ಲರಿಗೂ ನಮಸ್ಕಾರ. ಯುಗಾದಿ ಕಳೆದ ಎರಡನೇ ಸೋಮವಾರ ಹಬ್ಬ ಅಂತ ಆಗ್ಲೇ ಗೊತ್ತಾಗಿದೆ, ದುಡ್ಡಿನ ಮಾತು ಈಗ್ಲೇ ಆಡ್ಬಿಡೋಣ ಅಂತ ಬರೀತಿದ್ದೀನಿ.

ಹೋದ್ವರ್ಷ ಒಟ್ಟು 1,76,000 ಖರ್ಚಾಯ್ತು. ಊಟದ್ದೇ 72,000 (ದಿನಸಿ, ತರಕಾರಿ, ಅಡುಗೆಯವರ ಕೂಲಿ ಸೇರಿ), ಪುರೋಹಿತರು ಹೋಮ 38,000, ಶಾಮಿಯಾನ ಲೈಟು ಮೈಕು 28,000, ಹೂವು ಅಲಂಕಾರ 17,000, ವಾಲಗದವರಿಗೆ 15,000, ಚಿಲ್ಲರೆ 6,000. 16 ಮನೆಗೂ ಸಮವಾಗಿ 11,000 ಹಾಕಿದ್ವಿ. ಲೆಕ್ಕ ಸರಿ ಇತ್ತು, ಆದ್ರೆ ನ್ಯಾಯ ಇರ್ಲಿಲ್ಲ ಅಂತ ನನಗನ್ಸುತ್ತೆ. ಹಬ್ಬದ ಹಿಂದಿನ ದಿನ ಊರಲ್ಲಿರೋ ಚಿಕ್ಕಮ್ಮ ಒಬ್ರು ಕರವಸ್ತ್ರದಲ್ಲಿ ಸುತ್ತಿ ದುಡ್ಡು ತಂದ್ಕೊಟ್ರು, ಅದು ಹಾಲಿನ ಬಟವಾಡೆ ದುಡ್ಡು, ಎಣಿಸಿದ್ರೆ ಐನೂರು ಕಮ್ಮಿ ಇತ್ತು, ಅವ್ರು ತಲೆ ತಗ್ಗಿಸಿ "ಮುಂದಿನ ಬಟವಾಡೆಗೆ ಕೊಡ್ತೀನಪ್ಪ" ಅಂದ್ರು. ಮೂರು ದಿನದಿಂದ ದೇವಸ್ಥಾನದ ಅಂಗಳ ಸಾರಿಸಿ ಪಾತ್ರೆ ತೊಳ್ದಿದ್ದೂ ಅವ್ರೇ. ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಈ ಸಲ ರೇಟು ಏರಿದೆ, 1,90,000 ಬೇಕಾಗ್ಬೋದು. ಎಫ್‌ಡಿ ಬಡ್ಡಿ 10,000 ಬರುತ್ತೆ, ಉಳಿದಿದ್ದು 1,80,000. ನನ್ನ ಸಲಹೆ ಏನಂದ್ರೆ, ಇಬ್ಬರು ದುಡಿಯೋ 5 ಮನೆಯವ್ರು 16,000 ಕೊಡೋಣ (ನಮ್ಮನೇನೂ ಇದ್ರಲ್ಲೇ ಬರುತ್ತೆ), ಒಬ್ರ ಸಂಬಳದ 8 ಮನೆಗೆ ಹೋದ್ವರ್ಷದ 11,000 ನೇ ಇರ್ಲಿ, ಬರೀ ಪೆನ್ಷನ್ನು ಇಲ್ಲಾ ಹಸು ಹೊಲ ನಂಬ್ಕೊಂಡಿರೋ 3 ಮನೆಗೆ 4,000 ಸಾಕು. ಕೂಡಿಸಿ ನೋಡಿ, ಸರಿಯಾಗಿ 1,80,000 ಆಗುತ್ತೆ. ಮದುವೆಯಾಗಿ ಹೋದ ಹೆಣ್ಮಕ್ಕಳಿಗೆ ವಂತಿಗೆ ಬೇಡ, ಅವ್ರು ಮನಸಾರೆ ಹುಂಡಿಗೆ ಎಷ್ಟು ಹಾಕಿದ್ರೂ ಸರಿ, ಮಡಿಲು ತುಂಬಿಸ್ಕೊಂಡು ಹೋದ್ರೆ ಸಾಕು.

ಯಾರ್ಯಾರು ಎಷ್ಟು ಅಂತ ಗ್ರೂಪಲ್ಲಿ ಹಾಕಲ್ಲ, ಒಬ್ಬೊಬ್ರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ಈ ವರ್ಷ ಕೈ ಬಿಗಿ ಇದ್ರೆ, ಆಸ್ಪತ್ರೆ ಖರ್ಚೋ ಮಗಳ ಮದುವೇನೋ ಇದ್ರೆ, ನನಗೊಂದು ಮಾತು ಹೇಳಿ ಸಾಕು, ಕಾರಣ ಬಿಡಿಸಿ ಹೇಳ್ಬೇಕಿಲ್ಲ. ಇನ್ನೊಂದು ವಿಷ್ಯ, ಬಾಕಿ ಇರೋರ ಹೆಸರು ಮೈಕಲ್ಲಿ ಓದೋದನ್ನ ದಯವಿಟ್ಟು ನಿಲ್ಲಿಸೋಣ, ದೇವರ ಮುಂದೆ ನಮ್ಮವರನ್ನೇ ನಾವು ಕುಗ್ಗಿಸ್ಬಾರ್ದು.

ದೊಡ್ಡಪ್ಪ, ನೀವು ಹಿರಿಯರು, ಈ ಲೆಕ್ಕದಲ್ಲಿ ತಪ್ಪಿದ್ರೆ ತಿದ್ದಿ. ಬೇರೆಯವ್ರಿಗೂ ಒಪ್ಪಿಗೆ ಇಲ್ದಿದ್ರೆ ಭಾನುವಾರದೊಳಗೆ ಹೇಳ್ಬಿಡಿ, ಮಾತಾಡಿ ಬದಲಾಯಿಸೋಣ. ದುಡ್ಡು ಮಾತ್ರ ಯುಗಾದಿ ಒಳಗೆ ಬಂದ್ರೆ ಒಳ್ಳೇದು, ಯಾಕಂದ್ರೆ ಅಡುಗೆಯವ್ರು, ಶಾಮಿಯಾನದವ್ರು ಇಬ್ರೂ ಅಡ್ವಾನ್ಸ್ ಕೇಳ್ತಿದ್ದಾರೆ. ಹಬ್ಬ ಮುಗಿದು ವಾರದೊಳಗೆ ಬಿಲ್ಲುಗಳ ಫೋಟೋ ಸಮೇತ ಪೂರ್ತಿ ಲೆಕ್ಕ ಇಲ್ಲೇ ಹಾಕ್ತೀನಿ, ಮಿಕ್ಕಿದ್ದು ಎಫ್‌ಡಿಗೆ ಸೇರುತ್ತೆ.