ವಿಷಯ: ಜುಲೈ–ಆಗಸ್ಟ್ 2025ರಲ್ಲಿ ಕೆಲಸ ಮಾಡಿದ 7 ದಿನಕ್ಕೆ ಆಬ್ಸೆಂಟ್ ಹಾಕಿ ಸಂಬಳ ಕಟ್ ಮಾಡಿರೋ ಬಗ್ಗೆ ದೂರು

ದಿನಾಂಕ: 8 ಸೆಪ್ಟೆಂಬರ್ 2025

ಎಚ್‌ಆರ್ ಟೀಮ್‌ಗೆ ನಮಸ್ಕಾರ,

ನಾನು ರಾಘವೇಂದ್ರ, ಶಿವಮೊಗ್ಗ ಬ್ರಾಂಚ್‌ನ ಫೀಲ್ಡ್ ಆಫೀಸರ್, ಹೊಸನಗರ ತಾಲೂಕು ನನ್ನ ಏರಿಯಾ. ಫೋನಲ್ಲಿ ಎರಡು ಸಲ ಹೇಳಿ ಆಯ್ತು, ಏನೂ ಆಗ್ಲಿಲ್ಲ, ಅದಕ್ಕೆ ಈಗ ಬರವಣಿಗೇಲಿ ಕೊಡ್ತಿದೀನಿ. ಇದನ್ನ ಅಧಿಕೃತ ದೂರು ಅಂತಾನೇ ದಾಖಲು ಮಾಡ್ಕೊಳ್ಳಿ.

ವಿಷಯ ಇಷ್ಟೇ. ಜುಲೈ 3, 16, 17, 24, 25 ಮತ್ತೆ ಆಗಸ್ಟ್ 18, 19, ಈ ಏಳೂ ದಿನ ನಾನು ಫೀಲ್ಡಲ್ಲಿದ್ದೆ, ಆದ್ರೆ ಅಟೆಂಡೆನ್ಸ್ ಆ್ಯಪಲ್ಲಿ ಆಬ್ಸೆಂಟ್ ಅಂತ ಬಂದಿದೆ. ನನ್ನ ಸಂಬಳ ತಿಂಗಳಿಗೆ 18,600, ದಿನಕ್ಕೆ 600ರ ಲೆಕ್ಕದಲ್ಲಿ ಜುಲೈನಲ್ಲಿ 3,000, ಆಗಸ್ಟಲ್ಲಿ 1,200 ಹಿಡಿದಿದಾರೆ. ಇದ್ರ ಜೊತೆ ಜುಲೈದು ಅಟೆಂಡೆನ್ಸ್ ಇನ್ಸೆಂಟಿವ್ 1,500 ಕೂಡ ಹೋಯ್ತು. ಒಟ್ಟು 5,700 ರೂಪಾಯಿ.

ಆ್ಯಪ್ ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೂ ಗೊತ್ತು, ಡೀಲರ್ ಅಂಗಡಿ ಹತ್ರ ನಿಂತು ಸೆಲ್ಫಿ ತೆಗೆದು ಚೆಕ್ ಇನ್ ಮಾಡ್ಬೇಕು, ಆ ಹೊತ್ತಿಗೆ ನೆಟ್‌ವರ್ಕ್ ಇರ್ಲೇಬೇಕು, ಆಫ್‌ಲೈನಲ್ಲಿ ಸೇವ್ ಆಗಲ್ಲ. ನಿಟ್ಟೂರು, ಸಂಪೆಕಟ್ಟೆ, ಯಡೂರು ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರೀನೂ ಮುಗಿದುಹೋಗುತ್ತೆ, ಆಮೇಲೆ ಫೋನ್ ಜೇಬಲ್ಲಿದ್ರೂ ಒಂದೇ ಮನೇಲಿದ್ರೂ ಒಂದೇ. ಬೆಂಗಳೂರಲ್ಲಿ ಕೂತು ಆ್ಯಪ್ ಮಾಡ್ದೋರಿಗೆ ಇದು ಗೊತ್ತಿರ್ಲಿಕ್ಕಿಲ್ಲ, ಅವರನ್ನ ನಾನು ದೂರ್ತಿಲ್ಲ.

ಜುಲೈ 16 ನೋಡಿ. ಬೆಳಿಗ್ಗೆ ನಗರ ಅನ್ನೋ ಊರಿನ ಡೀಲರ್ ಹತ್ರ ಹೋದೆ, ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಯೋ ಟೈಮು, ಅವರು 12 ಬ್ಯಾಗ್ ಮೈಲುತುತ್ತಕ್ಕೆ ಆರ್ಡರ್ ಕೊಟ್ರು, ಅಲ್ಲಿ ನೆಟ್‌ವರ್ಕ್ ಇರ್ಲಿಲ್ಲ, ಸಂಜೆ ಹೊಸನಗರಕ್ಕೆ ವಾಪಸ್ ಬಂದ್ಮೇಲೆ ಆರ್ಡರ್ ಹಾಕಿದೆ. ಮಾರನೇ ದಿನ ಬಿಲ್ ಆಗಿ ಮಾಲು ಹೋಯ್ತು. ಆಗಸ್ಟ್ 2ರಂದು ಬಂದ ಟಾರ್ಗೆಟ್ ರಿಪೋರ್ಟಲ್ಲಿ ಆ ಸೇಲ್ ನನ್ನ ಹೆಸರಲ್ಲೇ, 16ನೇ ತಾರೀಖಿನ ಆರ್ಡರ್ ಅಂತಾನೇ ಇದೆ. ಅದೇ 16ನೇ ತಾರೀಖು ಆ್ಯಪಲ್ಲಿ ನಾನು ಆಬ್ಸೆಂಟ್! ಮನೇಲಿ ಮಲಗಿದ್ದೋನ ಹೆಸರಲ್ಲಿ ಮಾಲು ಹೇಗೆ ಹೋಯ್ತು ಅಂತ ಯಾರಾದ್ರೂ ಹೇಳ್ಬೇಕು. ಉಳಿದ ಆರು ದಿನಕ್ಕೂ ಫೀಲ್ಡ್ ಡೈರೀಲಿ ಡೀಲರ್ ಸೀಲು, ಸಹಿ ಇದೆ. ಜುಲೈ 24ರ ಪುಟ ಮಳೇಲಿ ನೆಂದು ನನ್ನ ಅಕ್ಷರ ಎಲ್ಲಾ ಕದಡಿದೆ, ಆದ್ರೆ ಸೀಲು, ತಾರೀಖು ಸರಿಯಾಗಿ ಓದ್ಬಹುದು.

ಜುಲೈ ಸ್ಲಿಪ್ ಬಂದಿದ್ದು ಆಗಸ್ಟ್ 5ಕ್ಕೆ. 6ನೇ ತಾರೀಖೇ ಏರಿಯಾ ಮ್ಯಾನೇಜರ್‌ಗೆ ಮೇಲ್ ಹಾಕಿ, ಆ್ಯಪಲ್ಲೂ ಐದೂ ದಿನಕ್ಕೆ ಕರೆಕ್ಷನ್ ರಿಕ್ವೆಸ್ಟ್ ಕೊಟ್ಟೆ. 11ಕ್ಕೆ ರಿಜೆಕ್ಟ್ ಆಯ್ತು, ಕಾರಣ "ಲೊಕೇಶನ್ ಇಲ್ಲ" ಅಂತ ಅಷ್ಟೇ, ಡೈರಿ ಯಾರೂ ಕೇಳ್ಲಿಲ್ಲ. ಆಗಸ್ಟ್ 20ರಂದು ಬ್ರಾಂಚ್ ವಾಟ್ಸಾಪ್ ಗ್ರೂಪಲ್ಲಿ ಏರಿಯಾ ಮ್ಯಾನೇಜರ್ ಸರ್ ಹಾಕಿದ ಮೆಸೇಜ್ ಇದು: "ಮಳೆ ನೆಪ ಹೇಳೋರು ಮನೇಲೇ ಇರಿ, ಸಂಬಳ ಕೇಳ್ಬೇಡಿ." ಹೆಸರು ಹಾಕಿಲ್ಲ, ಆದ್ರೆ ಹಿಂದಿನ ದಿನ ನಾನೊಬ್ಬನೇ ನೆಟ್‌ವರ್ಕ್ ಇಲ್ಲ ಅಂತ ಅದೇ ಗ್ರೂಪಲ್ಲಿ ಬರೆದಿದ್ದೆ. ಅವರ ಜೊತೆ ನಂಗೆ ಬೇರೆ ಯಾವ ತಕರಾರೂ ಇಲ್ಲ, ಆ ಮಾತು ಮಾತ್ರ ಸರಿ ಅನ್ನಿಸ್ಲಿಲ್ಲ. ಆಗಸ್ಟ್ ಸ್ಲಿಪ್ ಸೆಪ್ಟೆಂಬರ್ 4ಕ್ಕೆ ಬಂತು, ಮತ್ತೆ ಅದೇ ಕಥೆ.

ನಂಗೆ ಬೇಕಾಗಿರೋದು: ಈ 7 ದಿನಾನ ಪ್ರೆಸೆಂಟ್ ಅಂತ ತಿದ್ದಿ, 5,700 ರೂಪಾಯಿ ಸೆಪ್ಟೆಂಬರ್ ಸಂಬಳದ ಜೊತೆ ಕೊಡಿ. ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಡೀಲರ್ ಸೀಲಿನ ಫೋಟೋ ಸಂಜೆ ಅಪ್‌ಲೋಡ್ ಮಾಡಿದ್ರೆ ಅಟೆಂಡೆನ್ಸ್ ಅಂತ ಒಪ್ಕೊಳ್ಳೋ ಹಾಗೆ ಒಂದು ಸರ್ಕ್ಯುಲರ್ ಬೇಕು, ತೀರ್ಥಹಳ್ಳಿ, ಸಾಗರ ಏರಿಯಾದವರಿಗೂ ಇದೇ ಗೋಳಿದೆ, ಅವರ ಪರವಾಗಿ ನಾನು ಮಾತಾಡ್ತಿಲ್ಲ, ನೀವೇ ಕೇಳಿ ನೋಡಿ. ಇನ್ನೊಂದು, ಈ ದೂರು ಕೊಟ್ಟಿದ್ದಕ್ಕೆ ನನ್ನ ರೇಟಿಂಗ್ ಇಳಿಸೋದು, ಏರಿಯಾ ಬದಲಾಯಿಸೋದು ಆಗ್ಬಾರ್ದು. ಗ್ರೂಪಿನ ಮೆಸೇಜ್ ಬಗ್ಗೆ ಸರ್ ಜೊತೆ ನೀವು ಮಾತಾಡಿದ್ರೆ ಸಾಕು, ಕ್ಷಮೆ ಗಿಮೆ ಏನೂ ಬೇಡ.

ಎರಡೂ ತಿಂಗಳ ಸ್ಲಿಪ್, ಡೈರಿ ಪುಟಗಳ ಫೋಟೋ, 16ರ ಆರ್ಡರ್ ಮತ್ತೆ ಬಿಲ್, ಟಾರ್ಗೆಟ್ ರಿಪೋರ್ಟ್, ರಿಜೆಕ್ಟ್ ಆದ ರಿಕ್ವೆಸ್ಟ್, ವಾಟ್ಸಾಪ್ ಸ್ಕ್ರೀನ್‌ಶಾಟ್ ಎಲ್ಲಾ ಅಟ್ಯಾಚ್ ಮಾಡಿದೀನಿ. ಡೈರಿ ಒರಿಜಿನಲ್ ನನ್ನ ಹತ್ರಾನೇ ಇದೆ, ಕರೆದ್ರೆ ತರ್ತೀನಿ. ಸೆಪ್ಟೆಂಬರ್ 22ರೊಳಗೆ ಮೇಲಲ್ಲೇ ಉತ್ತರ ಕೊಡಿ. ಫೋನ್ ಮಾಡೋದಾದ್ರೆ ಸಂಜೆ ಆರರ ಮೇಲೆ ಮಾಡಿ, ಹಗಲು ಸಿಗ್ತೀನಿ ಅನ್ನೋ ಗ್ಯಾರಂಟಿ ಇಲ್ಲ, ಕಾರಣ ಮೇಲೇ ಬರೆದಿದೀನಿ.

ಇಂತಿ,
ರಾಘವೇಂದ್ರ
ಫೀಲ್ಡ್ ಆಫೀಸರ್, ಹೊಸನಗರ ಏರಿಯಾ
ಶಿವಮೊಗ್ಗ ಬ್ರಾಂಚ್